ಖಜಾಂಚಿಯ ಐದು ನಿಮಿಷ

ಕನ್ನಡ ಸಂಘಗಳ ವಾರ್ಷಿಕ ಮಹಾಸಭೆಯಲ್ಲಿ ಖಜಾಂಚಿಯ ಸರದಿ ಬರುವುದು ಸಾಮಾನ್ಯವಾಗಿ ಊಟದ ಹೊತ್ತಿಗೆ. ಪ್ರಾರ್ಥನೆ, ಸ್ವಾಗತ, ಅಗಲಿದ ಸದಸ್ಯರಿಗೆ ಶ್ರದ್ಧಾಂಜಲಿ, ಕಾರ್ಯದರ್ಶಿಯ ವರದಿ ಎಲ್ಲ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನ ಕುರ್ಚಿಗಳು ಸದ್ದು ಮಾಡತೊಡಗಿರುತ್ತವೆ. ಖಜಾಂಚಿ ಎದ್ದು, ‘ಲೆಕ್ಕಪತ್ರದ ಪ್ರತಿ ಎಲ್ಲರ ಕೈಯಲ್ಲೂ ಇದೆ, ಓದಿದ್ದೇವೆಂದು ಭಾವಿಸೋಣ’ ಎನ್ನುತ್ತಾರೆ. ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆ ಬೀಳುತ್ತದೆ. ಇದಕ್ಕೆ ತದ್ವಿರುದ್ಧವಾದ ಖಜಾಂಚಿಗಳೂ ಇದ್ದಾರೆ. ಅವರು ಅಂಚೆ ವೆಚ್ಚದಿಂದ ಹಿಡಿದು ಹೂವಿನ ಹಾರದವರೆಗೆ ಪ್ರತಿ ಬಾಬ್ತನ್ನೂ ಪೈಸೆ ಸಮೇತ ಓದುತ್ತಾರೆ. ಎರಡೂ ಬಗೆಯ ಮಂಡನೆಯಲ್ಲಿ ಸದಸ್ಯನಿಗೆ ತಿಳಿಯದೆ ಉಳಿಯುವ ಸಂಗತಿ ಮಾತ್ರ ಒಂದೇ: ಸಂಘ ಈ ವರ್ಷ ಮುಂದೆ ಹೋಯಿತೋ ಹಿಂದೆ ಬಿತ್ತೋ?

ಇದನ್ನು ಐದು ನಿಮಿಷದಲ್ಲಿ ಹೇಳಲು ಸಾಧ್ಯವಿದೆ. ಅದಕ್ಕೆ ಖಜಾಂಚಿ ಮೊದಲು ತನ್ನಷ್ಟಕ್ಕೆ ತಾನು ಒಂದು ವಿಷಯ ಬಿಡಿಸಿಕೊಂಡಿರಬೇಕು. ಸಂಘದ ಖಾತೆಗೆ ಬಂದ ಹಣವೆಲ್ಲ ಸಂಘದ ಆದಾಯವಲ್ಲ. ಖಾತೆಯಿಂದ ಹೋಗದೆ ಉಳಿದದ್ದೆಲ್ಲ ಉಳಿತಾಯವೂ ಅಲ್ಲ.

ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಜಿಲ್ಲಾ ಕೇಂದ್ರವೊಂದರಲ್ಲಿ ಒಂದು ಕನ್ನಡ ಸಂಘ ಇದೆ ಎಂದಿಟ್ಟುಕೊಳ್ಳಿ. ಬಾಡಿಗೆ ಕಟ್ಟಡದಲ್ಲಿ ಕಚೇರಿ, ತಿಂಗಳಿಗೊಂದು ಕಾರ್ಯಕ್ರಮ, ನವೆಂಬರಿನಲ್ಲಿ ಮೂರು ದಿನದ ರಾಜ್ಯೋತ್ಸವ, ಅದಕ್ಕೊಂದು ಸ್ಮರಣ ಸಂಚಿಕೆ. ಏಪ್ರಿಲ್ 1ರಂದು ಉಳಿತಾಯ ಖಾತೆ ಮತ್ತು ನಗದು ಸೇರಿ 1,15,400 ರೂಪಾಯಿ ಇತ್ತು. ಠೇವಣಿಯಲ್ಲಿ 6 ಲಕ್ಷ. ಮುಂದಿನ ಮಾರ್ಚ್ 31ಕ್ಕೆ ನೋಡಿದರೆ ಖಾತೆಯಲ್ಲಿ 1,24,400 ಇದೆ, ಠೇವಣಿ 7 ಲಕ್ಷವಾಗಿದೆ. ಹೋದ ವರ್ಷಕ್ಕಿಂತ 1,09,000 ಹೆಚ್ಚು. ಇಷ್ಟನ್ನೇ ಹೇಳಿ ಖಜಾಂಚಿ ಕುಳಿತರೆ ಸಭೆ ಚಪ್ಪಾಳೆ ತಟ್ಟುತ್ತದೆ, ಅಧ್ಯಕ್ಷರು ಬೆನ್ನು ತಟ್ಟುತ್ತಾರೆ. ಆದರೆ ಈ ಸಂಘಕ್ಕೆ ಆ ವರ್ಷ ಆದದ್ದು 1,20,000 ರೂಪಾಯಿ ಕೊರತೆ.

ಎರಡೂ ನಿಜ. ಹೇಗೆಂಬುದು ಜಮೆಯ ಕಡೆ ನೋಡಿದರೆ ಗೊತ್ತಾಗುತ್ತದೆ. ಆ ವರ್ಷ ಖಾತೆಗೆ ಬಂದದ್ದು ಒಟ್ಟು 5,57,000. ಇದರಲ್ಲಿ ವಾರ್ಷಿಕ ಚಂದಾ 54,000, ರಾಜ್ಯೋತ್ಸವದ ದೇಣಿಗೆ 1,46,000, ಸಂಚಿಕೆಯ ಜಾಹೀರಾತು 90,000, ಠೇವಣಿಯ ಬಡ್ಡಿ 42,000. ಇವೆಲ್ಲ ಆ ವರ್ಷದ ಆದಾಯವೇ, ತಕರಾರಿಲ್ಲ. ಉಳಿದ ಮೂರು ಮೊತ್ತಗಳು ಬೇರೆ ಜಾತಿಯವು.

ಮೊದಲನೆಯದು ಆಜೀವ ಸದಸ್ಯತ್ವದ 75,000. ಇಪ್ಪತ್ತೈದು ಜನ ತಲಾ 3,000 ಕೊಟ್ಟು ಆಜೀವ ಸದಸ್ಯರಾದರು. ಅವರು ಇನ್ನು ಮುಂದೆ ಯಾವತ್ತೂ ಚಂದಾ ಕೊಡುವುದಿಲ್ಲ, ಆದರೆ ಬದುಕಿರುವಷ್ಟು ಕಾಲವೂ ಆಮಂತ್ರಣ ಪತ್ರಿಕೆ, ಸಂಚಿಕೆ, ಮತದಾನದ ಹಕ್ಕು ಎಲ್ಲ ಅವರಿಗೆ ಸಲ್ಲಬೇಕು. ಹಾಗಾಗಿ ಇದನ್ನು ನಿಧಿಯಲ್ಲಿಟ್ಟು ಬಡ್ಡಿ ಮಾತ್ರ ಬಳಸುವುದು ರೂಢಿ. ಎರಡನೆಯದು ಒಂದು ಕುಟುಂಬ ತಮ್ಮ ಹಿರಿಯರ ಹೆಸರಿನಲ್ಲಿ ಕೊಟ್ಟ 1 ಲಕ್ಷದ ದತ್ತಿ. ಅದರ ಅಸಲು ಮುಟ್ಟುವಂತಿಲ್ಲ, ಬಡ್ಡಿಯಲ್ಲಿ ಪ್ರತಿವರ್ಷ ಒಂದು ಉಪನ್ಯಾಸ ನಡೆಯಬೇಕೆಂಬ ಒಪ್ಪಂದದ ಮೇಲೆ ಬಂದ ಹಣ ಅದು. ಮೂರನೆಯದು ಸರ್ಕಾರದ ಧನಸಹಾಯ 50,000. ಇದು ಮಂಜೂರಾದದ್ದು ಹಿಂದಿನ ವರ್ಷ. ಆಗಲೇ ‘ಬರಬೇಕಾದ ಹಣ’ ಎಂದು ಆ ವರ್ಷದ ಆದಾಯದಲ್ಲಿ ಬರೆದಾಗಿತ್ತು. ಕೈಗೆ ಬಂದದ್ದು ಈ ಜೂನ್‌ನಲ್ಲಿ. ಈಗ ಮತ್ತೆ ಎಣಿಸಿದರೆ ಒಂದೇ ಹಣಕ್ಕೆ ಎರಡು ಸಲ ಚಪ್ಪಾಳೆ ತಟ್ಟಿದಂತೆ.

ಮಗಳ ಮದುವೆಗೆಂದು ಮಾವನವರು ಕೊಟ್ಟ ಹಣವನ್ನೂ ಹಳೆಯ ಸಾಲಗಾರ ಹಿಂದಿರುಗಿಸಿದ್ದನ್ನೂ ಸಂಬಳದ ಜೊತೆ ಕೂಡಿಸಿ ‘ಈ ತಿಂಗಳು ಭಾರೀ ಉಳಿತಾಯ’ ಎನ್ನುವ ಗಂಡನನ್ನು ಯಾವ ಹೆಂಡತಿಯೂ ನಂಬುವುದಿಲ್ಲ. ಮಹಾಸಭೆ ಮಾತ್ರ ನಂಬುತ್ತದೆ.

ಇನ್ನು ಖರ್ಚಿನ ಕಡೆ. ಠೇವಣಿಗೆ ಹಾಕಿದ 1 ಲಕ್ಷ ಬಿಟ್ಟರೆ ಖಾತೆಯಿಂದ ಹೋದದ್ದು 4,48,000. ಧ್ವನಿವರ್ಧಕ ಮತ್ತು ದೀಪಾಲಂಕಾರದವರಿಗೆ ಅರ್ಧ ಹಣ ಕೊಟ್ಟು, ಉಳಿದ 22,000 ‘ಮಾರ್ಚ್ ಕಳೀಲಿ ಸಾರ್’ ಎಂದು ಬಾಕಿ ಉಳಿಸಿಕೊಳ್ಳಲಾಗಿತ್ತು. ಹಬ್ಬ ಆ ವರ್ಷದ್ದೇ ಆದ್ದರಿಂದ ಆ ಖರ್ಚೂ ಆ ವರ್ಷದ್ದೇ. ಅಲ್ಲಿಗೆ 4,70,000. ಆದಾಯದ ಕಡೆಗೂ ಹೀಗೇ ಒಂದು ಸೇರ್ಪಡೆ ಇದೆ: ಜಾಹೀರಾತು ಅಚ್ಚಾಗಿ ಹಣ ಬಾರದೆ ಉಳಿದದ್ದು 18,000. ಅದನ್ನು ಸೇರಿಸಿದರೆ ನಿಜವಾದ ಆದಾಯ 3,50,000. ಕಳೆದರೆ ಕೊರತೆ 1,20,000.

ಖಾತೆಗೆ ಬಂದ, ಖಾತೆಯಿಂದ ಹೋದ ಹಣದ ಪಟ್ಟಿಗೆ ಜಮಾ ಖರ್ಚು ಎನ್ನುತ್ತಾರೆ. ಆಯಾ ವರ್ಷಕ್ಕೆ ಸಲ್ಲಬೇಕಾದದ್ದನ್ನು ಮಾತ್ರ ಹೆಕ್ಕಿ ಬರೆದದ್ದು ಆದಾಯ ವೆಚ್ಚ. ಲೆಕ್ಕ ಪರಿಶೋಧಕರು ಸಾಮಾನ್ಯವಾಗಿ ಎರಡನ್ನೂ ಕೊಡುತ್ತಾರೆ. ಜೊತೆಗೆ ಮಾರ್ಚ್ 31ರಂದು ಸಂಘಕ್ಕೆ ಇರುವುದೆಷ್ಟು, ಕೊಡಬೇಕಾದದ್ದೆಷ್ಟು ಎಂಬ ಅಢಾವೆ ಪತ್ರಿಕೆ. ಸಭೆಯಲ್ಲಿ ಓದುವುದು ಮಾತ್ರ ಹೆಚ್ಚಾಗಿ ಮೊದಲನೆಯದನ್ನೇ, ಏಕೆಂದರೆ ಅದು ಪಾಸ್‌ಬುಕ್ಕಿಗೆ ತಾಳೆಯಾಗುತ್ತದೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ಬಹುಪಾಲು ಖಜಾಂಚಿಗಳು ಇದನ್ನು ಮೋಸಕ್ಕಾಗಿ ಮಾಡುವುದಿಲ್ಲ. ನಿವೃತ್ತ ಮೇಷ್ಟ್ರೋ ಬ್ಯಾಂಕಿನವರೋ ಸಂಜೆ ಹೊತ್ತು ಕೂತು ಬರೆಯುವ ಲೆಕ್ಕ ಅದು. ಪಾಸ್‌ಬುಕ್ಕಿಗೆ ತಾಳೆಯಾದರೆ ಅವರಿಗೆ ನಿದ್ದೆ ಬರುತ್ತದೆ.

ಕೊರತೆ 1,20,000 ಎಂದಷ್ಟೇ ಹೇಳಿದರೂ ಸಾಲದು. ಸದಸ್ಯರು ಮುಂದೇನು ಮಾಡಬೇಕೆಂದು ತೀರ್ಮಾನಿಸಬೇಕಾದರೆ ಅದು ಎಲ್ಲಿಂದ ಬಂತೆಂಬುದು ತಿಳಿಯಬೇಕು. ಪರಿಶೋಧಕರ ಪಟ್ಟಿ ‘ಮುದ್ರಣ ವೆಚ್ಚ’, ‘ಗೌರವಧನ’, ‘ಸಾರಿಗೆ’ ಎಂದು ಖರ್ಚಿನ ಬಗೆಯಂತೆ ವಿಂಗಡಿಸಿರುತ್ತದೆ. ಸದಸ್ಯರು ಯೋಚಿಸುವುದು ಕೆಲಸದ ಲೆಕ್ಕದಲ್ಲಿ: ಕಚೇರಿಗೆಷ್ಟು, ತಿಂಗಳ ಕಾರ್ಯಕ್ರಮಕ್ಕೆಷ್ಟು, ಹಬ್ಬಕ್ಕೆಷ್ಟು. ಭಾಷಣಕ್ಕೆ ತಯಾರಾಗುವುದೆಂದರೆ ಮುಖ್ಯವಾಗಿ ಮೊದಲ ಪಟ್ಟಿಯನ್ನು ಒಡೆದು ಎರಡನೆಯ ರೀತಿಯಲ್ಲಿ ಜೋಡಿಸುವುದು. ವೋಚರುಗಳ ಮೇಲೆ ಯಾವ ಕಾರ್ಯಕ್ರಮದ್ದೆಂದು ಆಗಲೇ ಬರೆದಿಟ್ಟಿದ್ದರೆ ಅರ್ಧ ದಿನದ ಕೆಲಸ. ಬರೆದಿಡದಿದ್ದರೆ ಆಟೋ ಬಾಡಿಗೆಯ ಚೀಟಿ ಹಿಡಿದುಕೊಂಡು ಇದು ಕವಿಗೋಷ್ಠಿಯದೋ ಕಲಾವಿದರದೋ ಎಂದು ಕಾರ್ಯದರ್ಶಿಗೆ ಫೋನು ಮಾಡುತ್ತಾ ಕೂರಬೇಕು.

ಹಾಗೆ ಜೋಡಿಸಿದ ಮೇಲೆ ನಮ್ಮ ಉದಾಹರಣೆಯ ಖಜಾಂಚಿ ಆಡಬಹುದಾದ ಮಾತು ಇದು:

‘ಮಾನ್ಯ ಅಧ್ಯಕ್ಷರೆ, ಪದಾಧಿಕಾರಿ ಮಿತ್ರರೆ, ಸದಸ್ಯ ಬಂಧುಗಳೆ, ನಮಸ್ಕಾರ. ಪರಿಶೋಧಿತ ಲೆಕ್ಕಪತ್ರ ನಿಮ್ಮ ಕೈಯಲ್ಲಿದೆ. ಅದನ್ನು ಓದಿ ಹೇಳುವುದಿಲ್ಲ, ಅದರಲ್ಲಿ ಏನಿದೆ ಅನ್ನುವುದನ್ನು ಹೇಳುತ್ತೇನೆ.

‘ಈ ವರ್ಷ ಸಂಘದ ಆದಾಯ ಮೂರೂವರೆ ಲಕ್ಷ, ವೆಚ್ಚ ನಾಲ್ಕು ಲಕ್ಷ ಎಪ್ಪತ್ತು ಸಾವಿರ. ಒಂದು ಲಕ್ಷ ಇಪ್ಪತ್ತು ಸಾವಿರ ಕೊರತೆ. ಬ್ಯಾಂಕಿನಲ್ಲಿ ಹಣ ಹೆಚ್ಚಾಗಿದೆಯಲ್ಲ ಎಂದು ನೀವು ಕೇಳಬಹುದು. ಹೆಚ್ಚಾಗಿದ್ದು ದತ್ತಿಯ ಒಂದು ಲಕ್ಷ, ಹೊಸ ಆಜೀವ ಸದಸ್ಯರ ಎಪ್ಪತ್ತೈದು ಸಾವಿರ ಮತ್ತು ಹಳೇ ವರ್ಷದ ಧನಸಹಾಯ ಬಂದದ್ದರಿಂದ. ಮೊದಲಿನ ಎರಡೂ ನಾವು ಖರ್ಚು ಮಾಡುವ ಹಣವಲ್ಲ.

‘ಕೊರತೆ ಎಲ್ಲಿಂದ ಬಂತು? ಕಚೇರಿಯ ಬಾಡಿಗೆ, ವಿದ್ಯುತ್ತು, ಸಹಾಯಕರ ಸಂಬಳ, ಲೆಕ್ಕ ತಪಾಸಣೆ ಎಲ್ಲ ಸೇರಿ 82,600. ಇದಕ್ಕೆ ನಿಮ್ಮ ಚಂದಾ 54,000, ಆಜೀವ ನಿಧಿಯ ಬಡ್ಡಿ 26,600 ಬಂತು. ಕಡಿಮೆ ಬಿದ್ದದ್ದು ಎರಡು ಸಾವಿರ ಮಾತ್ರ. ಕಚೇರಿ ತನ್ನ ಕಾಲ ಮೇಲೆ ನಿಂತಿದೆ ಅನ್ನಬಹುದು.

‘ತಿಂಗಳ ಕಾರ್ಯಕ್ರಮಕ್ಕೆ ತಲಾ ನಾಲ್ಕು ಸಾವಿರದಂತೆ 48,000 ಆಯಿತು. ಇದಕ್ಕೆಂದು ಬರುವ ಹಣ ಯಾವುದೂ ಇಲ್ಲ. ದತ್ತಿ ಉಪನ್ಯಾಸ ಮತ್ತು ಬಹುಮಾನಗಳಿಗೆ ದತ್ತಿಯ ಬಡ್ಡಿ 15,400 ಬಂದಿತ್ತು, ಅಷ್ಟನ್ನೂ ಅದಕ್ಕೇ ಬಳಸಿದ್ದೇವೆ.

‘ರಾಜ್ಯೋತ್ಸವಕ್ಕೆ ಬಾಕಿಯೂ ಸೇರಿ 2,60,000 ತಗುಲಿತು. ದೇಣಿಗೆ ಬಂದದ್ದು 1,46,000. ಸ್ಮರಣ ಸಂಚಿಕೆಯಿಂದ ಮುದ್ರಣದ ಖರ್ಚು ಕಳೆದು 44,000 ಉಳಿಯಿತು. ಅದನ್ನು ಸೇರಿಸಿದರೂ ಹಬ್ಬಕ್ಕೆ 70,000 ಕಡಿಮೆಯಾಯಿತು. ಈ ಸಲದ ಧನಸಹಾಯಕ್ಕೆ ಅರ್ಜಿ ಹಾಕಿದ್ದೇವೆ, ಮಂಜೂರಾಗಿಲ್ಲ, ಹಾಗಾಗಿ ಲೆಕ್ಕಕ್ಕೆ ಹಿಡಿದಿಲ್ಲ.

‘ಕೊನೆಯದಾಗಿ ಒಂದು ಮಾತು. ಮಾರ್ಚ್ ಕೊನೆಗೆ ಖಾತೆಯಲ್ಲಿ 1,24,400 ಇತ್ತು. ಇದರಲ್ಲಿ 75,000 ಆಜೀವ ನಿಧಿಗೆ ಹೋಗಬೇಕು, ಇನ್ನೂ ಠೇವಣಿ ಮಾಡಿಲ್ಲ. ಧ್ವನಿವರ್ಧಕದವರಿಗೆ 22,000 ಕೊಡಬೇಕು. ಸಂಘ ತನ್ನದೆಂದು ಖರ್ಚು ಮಾಡಬಹುದಾದದ್ದು 27,400. ಮುಂದಿನ ರಾಜ್ಯೋತ್ಸವ ಎಷ್ಟು ದಿನ ಎಂದು ತೀರ್ಮಾನಿಸುವಾಗ ಈ ಅಂಕಿ ನಿಮ್ಮ ಮನಸ್ಸಿನಲ್ಲಿರಲಿ. ಲೆಕ್ಕವನ್ನು ಒಪ್ಪಿ ಅಂಗೀಕರಿಸಬೇಕೆಂದು ಕೋರುತ್ತೇನೆ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.’

ನಿಧಾನವಾಗಿ ಓದಿದರೂ ಐದು ನಿಮಿಷ ಮೀರುವುದಿಲ್ಲ. ಎರಡು ಸಾವಿರ, ನಲವತ್ತೆಂಟು ಸಾವಿರ, ಎಪ್ಪತ್ತು ಸಾವಿರ: ಈ ಮೂರನ್ನು ಕೂಡಿದರೆ ಕೊರತೆಯ ಮೊತ್ತ ಸರಿಯಾಗಿ ಬರುತ್ತದೆ. ಕೇಳುವವರು ಬೆರಳಲ್ಲೇ ಕೂಡಿಸಬಹುದಾದ ಲೆಕ್ಕ ಇದ್ದರೆ ಸಭೆ ಎಚ್ಚರವಾಗಿ ಕೂರುತ್ತದೆ.

ಈ ಭಾಷಣದಲ್ಲಿ ಹೇಳಲು ಕಷ್ಟವಾಗುವ ಸಾಲು 75,000 ಇನ್ನೂ ಠೇವಣಿ ಮಾಡಿಲ್ಲ ಎಂಬುದು. ಆ ಹಣ ಏಕೆ ಉಳಿತಾಯ ಖಾತೆಯಲ್ಲೇ ಉಳಿಯಿತು? ನವೆಂಬರಿನಲ್ಲಿ ಶಾಮಿಯಾನದವರು, ಅಡುಗೆಯವರು, ಕಲಾವಿದರು ಎಲ್ಲರಿಗೂ ಒಂದೇ ವಾರದಲ್ಲಿ ಹಣ ಕೊಡಬೇಕು. ದೇಣಿಗೆ ಬರೆಸಿದವರು ಕೊಡುವುದು ಹಬ್ಬ ಮುಗಿದ ಮೇಲೆ. ಆಗ ಖಾತೆಯಲ್ಲಿದ್ದ ಆಜೀವ ಶುಲ್ಕ ಸದ್ದಿಲ್ಲದೆ ಶಾಮಿಯಾನಕ್ಕೆ ಹೋಗುತ್ತದೆ, ಆಮೇಲೆ ತುಂಬಿಸೋಣ ಎಂಬ ಮಾತಿನ ಮೇಲೆ. ನಮ್ಮ ಉದಾಹರಣೆಯಲ್ಲಿ ತುಂಬಿಸುವಷ್ಟು ಹಣ ಇನ್ನೂ ಇದೆ. ಮುಂದಿನ ವರ್ಷವೂ ಇಷ್ಟೇ ಕೊರತೆಯಾದರೆ ಇರುವುದಿಲ್ಲ. ಸಂಘಗಳು ಮುಳುಗುವುದು ಯಾರೋ ಹಣ ಹೊಡೆದದ್ದರಿಂದಲೇ ಎಂದು ಜನ ತಿಳಿಯುತ್ತಾರೆ. ಹೀಗೆ ನಿಧಿಯ ಹಣ ಹಬ್ಬಕ್ಕೆ ಕರಗುತ್ತಾ ಹೋಗಿ ಸೊರಗುವುದೂ ಉಂಟು, ಮತ್ತು ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದನ್ನು ಪತ್ತೆ ಮಾಡಲು ಸದಸ್ಯರಿಗೆ ಲೆಕ್ಕಶಾಸ್ತ್ರ ಬೇಕಿಲ್ಲ. ಅಢಾವೆ ಪತ್ರಿಕೆಯ ಒಂದು ಬದಿಯಲ್ಲಿ ಆಜೀವ ಸದಸ್ಯತ್ವ ನಿಧಿ, ದತ್ತಿ ನಿಧಿ ಎಂದು ಬರೆದಿರುತ್ತದೆ. ನಮ್ಮ ಸಂಘದಲ್ಲಿ ಅವು 4,55,000 ಮತ್ತು 3,20,000, ಒಟ್ಟು 7,75,000. ಇನ್ನೊಂದು ಬದಿಯಲ್ಲಿ ಠೇವಣಿ ಎಷ್ಟಿದೆ ನೋಡಿ: 7 ಲಕ್ಷ. ಎರಡೂ ಸಮ ಇರಬೇಕು. ಠೇವಣಿ ಕಡಿಮೆ ಇದ್ದರೆ ಆ ವ್ಯತ್ಯಾಸದ ಹಣ ಎಲ್ಲಿದೆ ಎಂದು ಕೇಳುವ ಹಕ್ಕು ಪ್ರತಿ ಸದಸ್ಯನಿಗೂ ಇದೆ. ಖಾತೆಯಲ್ಲಿದೆ ಎಂದರೆ ಯಾವತ್ತು ಠೇವಣಿ ಮಾಡುತ್ತೀರಿ ಎಂದು ಕೇಳಬಹುದು. ಎರಡೇ ಅಂಕಿ ಹೋಲಿಸಿ ನೋಡಿದರೆ ಸಂಘದ ಆರೋಗ್ಯದ ಅರ್ಧ ಕಥೆ ತಿಳಿಯುತ್ತದೆ.

ಆಜೀವ ಶುಲ್ಕದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನೂರಕ್ಕೆ ಏಳರ ಬಡ್ಡಿಯಲ್ಲಿ 3,000 ರೂಪಾಯಿ ವರ್ಷಕ್ಕೆ ತರುವುದು 210. ಅದೇ ಸಂಘದ ವಾರ್ಷಿಕ ಚಂದಾ 300. ಅಂದರೆ ಒಬ್ಬ ಸದಸ್ಯ ಆಜೀವಕ್ಕೆ ಬದಲಾದಾಗಲೆಲ್ಲ ಸಂಘದ ವರ್ಷದ ಆದಾಯದಲ್ಲಿ 90 ರೂಪಾಯಿ ಖೋತಾ. ಇದು ತಿಳಿಯದೆ ಎಷ್ಟೋ ಸಂಘಗಳು ಆಜೀವ ಸದಸ್ಯರ ಅಭಿಯಾನ ನಡೆಸಿ ಸಂಭ್ರಮಿಸುತ್ತವೆ. ಹಳೆಯ ದತ್ತಿಗಳದ್ದಂತೂ ಇನ್ನೂ ಪೇಚಿನ ಸ್ಥಿತಿ. ಹಿಂದೆ ಯಾರೋ ಹತ್ತು ಸಾವಿರ ಕೊಟ್ಟು ವರ್ಷಕ್ಕೊಂದು ಉಪನ್ಯಾಸ ಏರ್ಪಡಿಸಿ ಎಂದಿರುತ್ತಾರೆ. ಅದಕ್ಕೆ ಈಗ ಬರುವ ಏಳುನೂರು ರೂಪಾಯಿಯಲ್ಲಿ ಉಪನ್ಯಾಸಕರ ಬಸ್ ಚಾರ್ಜು, ಶಾಲು, ಹಣ್ಣಿನ ಬುಟ್ಟಿ ಆಗಬೇಕು. ಎರಡು ಮೂರು ದತ್ತಿಗಳನ್ನು ಒಂದೇ ಸಂಜೆಗೆ ಕೂಡಿಸುವುದು ಈ ಕಾರಣಕ್ಕೇ.

ಪ್ರಶ್ನೆ ಕೇಳಿ ಎಂದಾಗ ಮೊದಲು ಏಳುವವರು ಸಾಮಾನ್ಯವಾಗಿ ಕೇಳುವುದು ಊಟದ ಖರ್ಚಿನ ಬಗ್ಗೆ. ನಮ್ಮ ಸಂಘದಲ್ಲಿ ಮೂರು ದಿನದ ಊಟಕ್ಕೆ ಆದದ್ದು 62,000. ಕಲಾವಿದರ ಗೌರವಧನ ಮತ್ತು ಪ್ರಯಾಣಕ್ಕೆ 78,000, ಶಾಮಿಯಾನ ಮತ್ತು ಕುರ್ಚಿಗೆ 46,000, ಧ್ವನಿ ಬೆಳಕಿಗೆ 44,000, ಶಾಲು ಹಾರ ಸ್ಮರಣಿಕೆಗೆ 18,000, ಆಮಂತ್ರಣ ಮತ್ತು ಫ್ಲೆಕ್ಸಿಗೆ 12,000. ಈ ವಿವರವನ್ನು ಭಾಷಣದಲ್ಲಿ ಓದಬಾರದು, ಆದರೆ ಜೇಬಿನಲ್ಲಿ ಇಟ್ಟುಕೊಂಡಿರಬೇಕು. ಕೇಳಿದ ತಕ್ಷಣ ಅಂಕಿ ಹೇಳುವ ಖಜಾಂಚಿಯನ್ನು ಸಭೆ ನಂಬುತ್ತದೆ, ‘ಪುಸ್ತಕ ನೋಡಿ ಹೇಳ್ತೀನಿ’ ಎಂದರೆ ಗುಸುಗುಸು ಶುರುವಾಗುತ್ತದೆ. ‘ಇತರೆ ಖರ್ಚು’ ಎಂಬ ಬಾಬ್ತು ಒಂದೆರಡು ಸಾವಿರ ದಾಟಿದ್ದರೆ ಅದರ ಒಡಕು ವಿವರವೂ ಆ ಚೀಟಿಯಲ್ಲಿರಲಿ. ತಿಳಿದವರು ಕಣ್ಣು ಹಾಯಿಸುವುದೇ ಅಲ್ಲಿಗೆ.

ಊಟದ ಪ್ರಶ್ನೆಗಿಂತ ಹರಿತವಾದದ್ದು ಸ್ಮರಣ ಸಂಚಿಕೆಯ ಪ್ರಶ್ನೆ. ಸಂಚಿಕೆ ಎಲ್ಲರ ಮನೆಯಲ್ಲೂ ಇರುತ್ತದೆ. ಅದರಲ್ಲಿ ಎಷ್ಟು ಪೂರ್ಣ ಪುಟ, ಎಷ್ಟು ಅರ್ಧ ಪುಟ, ಹಿಂಬದಿಯ ಬಣ್ಣದ ಪುಟ ಯಾರದು ಎಂದು ಯಾರು ಬೇಕಾದರೂ ಎಣಿಸಬಹುದು. ದರಪಟ್ಟಿಯನ್ನೂ ಜಾಹೀರಾತು ಕೇಳಲು ಹೋದಾಗ ಹಂಚಿರುತ್ತಾರೆ. ಎಣಿಸಿ ಗುಣಿಸಿದರೆ ಬರುವ ಮೊತ್ತ ಲೆಕ್ಕಪತ್ರದಲ್ಲಿ ಬಂದದ್ದು ಮತ್ತು ಬಾಕಿ ಎರಡನ್ನೂ ಸೇರಿಸಿದ ಮೊತ್ತಕ್ಕೆ, ಇಲ್ಲಿ 1,08,000ಕ್ಕೆ, ತಾಳೆಯಾಗಬೇಕು. ಆಗದಿದ್ದರೆ ಒಂದೋ ರಿಯಾಯಿತಿ ಕೊಟ್ಟಿದ್ದಾರೆ, ಒಂದೋ ಪುಕ್ಕಟೆ ಹಾಕಿದ್ದಾರೆ, ಇಲ್ಲವೇ ಹಣ ಬಂದು ದಾರಿಯಲ್ಲಿ ಎಲ್ಲೋ ನಿಂತಿದೆ. ಮೊದಲಿನ ಎರಡಕ್ಕೆ ಕಾರ್ಯಕಾರಿ ಸಮಿತಿಯ ತೀರ್ಮಾನ ಇದ್ದರೆ ಸಾಕು. ಬಾಕಿ ಉಳಿಸಿಕೊಂಡವರ ಹೆಸರನ್ನು ವೇದಿಕೆಯಿಂದ ಓದುವುದು ಬೇಡ; ಮೊತ್ತ ಹೇಳಿದರೆ ಸಾಕು, ಹೇಗೂ ಅವರಲ್ಲಿ ಇಬ್ಬರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.

ದೇಣಿಗೆಯ ವಿಷಯದಲ್ಲಿ ಹಳೆಯ ತೊಂದರೆ ರಸೀದಿ ಪುಸ್ತಕದ್ದು. ಹತ್ತು ಜನಕ್ಕೆ ಹತ್ತು ಪುಸ್ತಕ ಕೊಟ್ಟರೆ ಎಂಟು ಹಿಂದಿರುಗುತ್ತವೆ. ಪುಸ್ತಕದ ಕ್ರಮಸಂಖ್ಯೆ, ಯಾರಿಗೆ ಕೊಟ್ಟದ್ದು, ಬಳಸದ ಹಾಳೆಗಳೆಷ್ಟು ಎಂಬ ಒಂದು ಪುಟದ ಪಟ್ಟಿ ಇಲ್ಲದಿದ್ದರೆ ಪರಿಶೋಧಕರು ಏನನ್ನೂ ದೃಢೀಕರಿಸಲಾರರು. ಹೊಸ ತೊಂದರೆ ಫೋನಿನಲ್ಲಿ ಬರುವ ಹಣದ್ದು. ಹಬ್ಬದ ಗಡಿಬಿಡಿಯಲ್ಲಿ ಯಾರೋ ಪದಾಧಿಕಾರಿ ತಮ್ಮದೇ ನಂಬರಿಗೆ ಹಾಕಿಸಿಕೊಳ್ಳುತ್ತಾರೆ, ಸಂಘದ ಹಣ ಅವರ ಮನೆಯ ಹಾಲಿನ ಬಿಲ್ಲಿನ ಜೊತೆ ಬೆರೆಯುತ್ತದೆ. ಸಂಘದ ಖಾತೆಯ ಕ್ಯೂಆರ್ ಕೋಡನ್ನೇ ಮುದ್ರಿಸಿ ಎಲ್ಲರಿಗೂ ಕೊಟ್ಟರೆ ಇದು ತಪ್ಪುತ್ತದೆ. ಆದರೂ ಕೊಟ್ಟವರು ಯಾರು, ಯಾವ ಬಾಬ್ತಿಗೆ ಎಂದು ಆ ದಿನವೇ ಬರೆದಿಡದಿದ್ದರೆ ಮಾರ್ಚಿನಲ್ಲಿ ಸಾವಿರ ರೂಪಾಯಿಯ ಇಪ್ಪತ್ತು ಸಾಲುಗಳು ಅನಾಥವಾಗಿ ನಿಂತಿರುತ್ತವೆ. 80ಜಿ ರಿಯಾಯಿತಿ ಇರುವ ಸಂಘವಾದರೆ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ ಎಂಬುದನ್ನು ದಾನಿಗಳಿಗೆ ಮೊದಲೇ ಹೇಳಬೇಕು, ರಸೀದಿ ಹರಿದ ಮೇಲೆ ಅಲ್ಲ.

ಪರಿಶೋಧಕರ ಸಹಿ ಇದೆಯಲ್ಲ, ಮತ್ತೇನು ಪ್ರಶ್ನೆ ಎಂದು ಕೆಲವರು ಬಾಯಿ ಮುಚ್ಚಿಸಲು ನೋಡುತ್ತಾರೆ. ಬರೆದದ್ದಕ್ಕೆ ಆಧಾರವಿದೆ, ಲೆಕ್ಕ ನಿಜಸ್ಥಿತಿ ತೋರಿಸುತ್ತದೆ ಎಂಬುದಷ್ಟೇ ಆ ಸಹಿಯ ಅರ್ಥ. ಮೂರು ದಿನದ ಬದಲು ಎರಡು ದಿನ ಹಬ್ಬ ಮಾಡಬೇಕಿತ್ತೇ, ಚಂದಾ 300ರಿಂದ 500ಕ್ಕೆ ಏರಬೇಕೇ ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ, ಅದು ಸಭೆಯ ಕೆಲಸ. ನಮ್ಮ ಸಂಘದ 180 ಚಂದಾದಾರರು ತಲಾ 200 ಹೆಚ್ಚು ಕೊಟ್ಟರೆ 36,000 ಬರುತ್ತದೆ. ತಿಂಗಳ ಕಾರ್ಯಕ್ರಮದ ಮುಕ್ಕಾಲು ಖರ್ಚು ಅಲ್ಲಿಗೆ ತೂಗುತ್ತದೆ, ಹಬ್ಬದ ಕೊರತೆ ಮಾತ್ರ ಹಾಗೇ ಉಳಿಯುತ್ತದೆ. ಇಂಥ ಚರ್ಚೆ ಶುರುವಾಗಬೇಕಾದರೆ ಖಜಾಂಚಿಯ ಭಾಷಣ ಅಷ್ಟು ಬಿಡಿಸಿ ಹೇಳಿರಬೇಕು.

ಚರ್ಚೆ ಮುಗಿದು ಲೆಕ್ಕ ಅಂಗೀಕಾರವಾದರೆ ಸೂಚಕರ, ಅನುಮೋದಕರ ಹೆಸರಿನೊಂದಿಗೆ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಯಾರಾದರೂ ಆಕ್ಷೇಪ ಎತ್ತಿದ್ದರೆ ಅದೂ ದಾಖಲಾಗಬೇಕು. ಆಕ್ಷೇಪವನ್ನು ಬಿಟ್ಟು ಬರೆದ ನಡಾವಳಿ ಮುಂದೆ ಜಗಳಕ್ಕೆ ದಾರಿ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960ರ ಕೆಳಗೆ ನೋಂದಾಯಿಸಿದ ಸಂಘವಾದರೆ ಮಹಾಸಭೆ ನಡೆದ ಹದಿನಾಲ್ಕು ದಿನದೊಳಗೆ ಪದಾಧಿಕಾರಿಗಳ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ವರ್ಷಗಟ್ಟಲೆ ಸಲ್ಲಿಸದೆ ಬಿಟ್ಟ ಸಂಘಗಳಿಗೆ ಇದು ನೆನಪಾಗುವುದು ಧನಸಹಾಯದ ಅರ್ಜಿಯ ಜೊತೆ ದಾಖಲೆ ಲಗತ್ತಿಸಬೇಕಾದಾಗ. ಆಗ ಹಳೆಯ ಖಜಾಂಚಿ ಯಾವ ಊರಿನಲ್ಲಿದ್ದಾರೆ, ವೋಚರುಗಳ ಗಂಟು ಯಾರ ಮನೆಯ ಅಟ್ಟದ ಮೇಲಿದೆ ಎಂದು ಹುಡುಕಾಟ ಆರಂಭವಾಗುತ್ತದೆ.